ಕತ್ತರಿಸಿದ ಅಂಚಿನಾಚೆ ಏನಿತ್ತು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಬಹುತೇಕ ತುಂಬಿದ್ದ ಹೊತ್ತು ಅದು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನದಿಗೆ ಬಿಟ್ಟ ನೀರು ಲಕ್ಷ ಕ್ಯೂಸೆಕ್ ಆಸುಪಾಸಿಗೆ ಹೋಯಿತು. ಸ್ಟಾಪ್‌ಲಾಗ್ ಇಳಿಸಿ ಆ ಕಿಂಡಿ ಮುಚ್ಚುವಷ್ಟರಲ್ಲಿ ಒಂದು ವಾರವಾಗಿತ್ತು. ಇಂಥ ವಾರದಲ್ಲಿ ಎಚ್ಚರಿಕೆ ಪ್ರಕಟಣೆಗಳು ಮೂಲ ಪುಟದ ರೂಪದಲ್ಲಿ ಜನರ ಕೈಗೆ ಬರುವುದು ಕಡಿಮೆ, ಬರುವುದು ಸ್ಕ್ರೀನ್‌ಶಾಟ್ ಆಗಿ. ಯಾರೋ ತೆಗೆದದ್ದು, ಯಾರೋ ಕತ್ತರಿಸಿದ್ದು, ಇನ್ಯಾರೋ ಮುಂದಕ್ಕೆ ತಳ್ಳಿದ್ದು.

ಒಂದು ಮಾದರಿ ನಾನೇ ಕಟ್ಟಿಕೊಂಡು ನೋಡುತ್ತೇನೆ. ಮೂಲ ಪ್ರಕಟಣೆಯಲ್ಲಿ ಮೇಲೆ ಕಚೇರಿಯ ಹೆಸರು, ದಿನಾಂಕ. ಆಮೇಲೆ ಹೊರಹರಿವು ಎಷ್ಟೆಂಬ ಮಾತು. ನಂತರ, 'ನದಿ ಪಾತ್ರದ ಜನರು ತಕ್ಷಣ ಸುರಕ್ಷಿತ ಸ್ಥಳಗಳಿಗೆ ತೆರಳಬೇಕು.' ಕೊನೆಯ ಸಾಲು, 'ಈ ಸೂಚನೆ ಅಣೆಕಟ್ಟೆಯ ಕೆಳಭಾಗದ ಕಂಪ್ಲಿ, ಗಂಗಾವತಿ, ಸಿರುಗುಪ್ಪ ಭಾಗದ ಗ್ರಾಮಗಳಿಗೆ ಅನ್ವಯ.' ಮೇಲಿನ ಎರಡು ಸಾಲು, ಕೆಳಗಿನ ಒಂದು ಸಾಲು ಕತ್ತರಿಸಿ ನಡುವಿನದನ್ನಷ್ಟೇ ಹೂವಿನಹಡಗಲಿಯ ಒಂದು ಗುಂಪಿಗೆ ಹಾಕಿದರೆ? ಒಂದಕ್ಷರವೂ ಸುಳ್ಳಲ್ಲ, ತಿದ್ದಿದ್ದೂ ಅಲ್ಲ. ಆದರೂ ಮೈಲಾರದ ಕಡೆಯವರು ಗಾಬರಿಯಾಗಿ ದನಕರು ಬಿಚ್ಚುತ್ತಾರೆ.

ಅವರು ಗಾಬರಿಯಾಗಬೇಕಿಲ್ಲ ಎಂದು ಹೇಳುವುದು ಭೂಗೋಳ. ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ನದಿದಂಡೆ ಅಣೆಕಟ್ಟೆಯ ಮೇಲ್ಭಾಗದಲ್ಲಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಅಂಚಿಗೆ ಅದರ ಹಿನ್ನೀರು ತಾಗುತ್ತದೆ. ಗೇಟು ಕಿತ್ತುಹೋದರೆ ಇಲ್ಲಿ ನೀರು ಏರುವುದಿಲ್ಲ, ಇಳಿಯುತ್ತದೆ. ಕೂಡ್ಲಿಗಿ, ಕೊಟ್ಟೂರಿಗಂತೂ ತುಂಗಭದ್ರೆಯ ದಂಡೆಯೇ ಇಲ್ಲ. ಹಡಗಲಿಯವರು ನಿಜವಾಗಿ ಹೆದರಬೇಕಾದದ್ದು ಮೇಲಿನಿಂದ ಬರುವ ನೀರಿಗೆ, ಅಂದರೆ ತುಂಗಾ, ಭದ್ರಾ ಅಣೆಕಟ್ಟೆಗಳಿಂದ ಬಿಟ್ಟದ್ದಕ್ಕೆ ಮತ್ತು ವರದಾ ನದಿ ತಂದು ಸೇರಿಸುವುದಕ್ಕೆ. ಹಾಗಾಗಿ ಅದೇ ಕತ್ತರಿ ಇನ್ನೊಂದು ರೀತಿಯಲ್ಲೂ ಕೆಡುಕು ಮಾಡಬಲ್ಲದು. ಭದ್ರಾದಿಂದ ನೀರು ಬಿಟ್ಟ ಪ್ರಕಟಣೆಯಲ್ಲಿ ಅಣೆಕಟ್ಟೆಯ ಹೆಸರು ಕತ್ತರಿಸಿಹೋದರೆ, ಓಡಬೇಕಾದವರು 'ಅದು ಹೊಸಪೇಟೆ ಕೆಳಗಿನವರಿಗೆ' ಎಂದು ಸುಮ್ಮನೆ ಕೂರುತ್ತಾರೆ.

ಕತ್ತರಿಸಲಾಗಿದೆ ಎಂದು ಪತ್ತೆ ಮಾಡುವುದು ಸುಲಭ, ಚಿತ್ರದ ಆಕಾರವೇ ಹೇಳಿಬಿಡುತ್ತದೆ. ಈಗಿನ ಬಹಳಷ್ಟು ಫೋನುಗಳ ಪರದೆ 1080 ಚುಕ್ಕಿ ಅಗಲ, 2400 ಚುಕ್ಕಿ ಉದ್ದ. ಫೋನು ತೆಗೆದ ಸ್ಕ್ರೀನ್‌ಶಾಟೂ ಅಷ್ಟೇ ಇರುತ್ತದೆ. ವಾಟ್ಸ್ಆ್ಯಪ್ ಅದನ್ನು ಕುಗ್ಗಿಸಿ ಕಳಿಸಿದರೂ ಅಗಲ-ಉದ್ದಗಳ ಅನುಪಾತ ಕೆಡುವುದಿಲ್ಲ. ಉದಾಹರಣೆಗೆ 720 ಅಗಲ ಆದರೆ 1600 ಉದ್ದ ಇರಬೇಕು. ಗ್ಯಾಲರಿಯಲ್ಲಿ ಚಿತ್ರದ ವಿವರ ತೆರೆದು ನೋಡಿ. 720ಕ್ಕೆ 760 ಅಂತ ಇದ್ದರೆ, ಅಗಲ ಪೂರ್ತಿ ಉಳಿದಿದೆ ಎಂದಿಟ್ಟುಕೊಂಡರೂ, ಅರ್ಧಕ್ಕಿಂತ ಹೆಚ್ಚು ಪರದೆ ಮಾಯವಾಗಿದೆ. ಮೇಲ್ತುದಿಯಲ್ಲಿ ಗಡಿಯಾರ, ಬ್ಯಾಟರಿ, ಸಿಗ್ನಲ್ ಇರುವ ಪಟ್ಟಿ ಕಾಣದಿದ್ದರೆ ಅದೂ ಅದೇ ಮಾತು ಹೇಳುತ್ತದೆ. IMG-20240812-WA0007.jpg ಎಂಬ ರೀತಿಯ ಕಡತದ ಹೆಸರಿನಲ್ಲಿರುವ ದಿನಾಂಕವನ್ನು ಮಾತ್ರ ನಂಬಬೇಡಿ. ಅದು ಚಿತ್ರ ನಿಮ್ಮ ಫೋನಿಗೆ ಬಂದ ದಿನ, ಸ್ಕ್ರೀನ್‌ಶಾಟ್ ತೆಗೆದ ದಿನವಲ್ಲ.

ಕತ್ತರಿಸಿದ್ದೇ ಅಪರಾಧವೇನೂ ಅಲ್ಲ. ತಮ್ಮ ಫೋನ್ ನಂಬರು ಕಾಣಬಾರದೆಂದೋ, ಜಾಹೀರಾತು ಬೇಡವೆಂದೋ ಕತ್ತರಿಸುವವರೇ ಹೆಚ್ಚು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಉಳಿದ ತುಂಡು ತಾನೇ ನಿಲ್ಲುತ್ತದೆಯೇ? ಎಚ್ಚರಿಕೆಯ ಪ್ರಕಟಣೆಗೆ ಯಾರು, ಯಾರಿಗೆ, ಯಾವಾಗ, ಎಲ್ಲಿ ಎಂಬ ನಾಲ್ಕು ಬೇಕೇ ಬೇಕು. ಆ ನಾಲ್ಕರಲ್ಲಿ ಯಾವುದು ಇಲ್ಲವೋ ಅದು ಅಂಚಿನಾಚೆ ಇದೆ. ಕೆಳಗಿನ ಅಂಚನ್ನು ಇನ್ನೂ ಹತ್ತಿರದಿಂದ ನೋಡಬೇಕು, ಏಕೆಂದರೆ ನಮ್ಮ ವಾಕ್ಯಗಳಲ್ಲಿ ಇದೆ-ಇಲ್ಲ ತೀರ್ಮಾನವಾಗುವುದು ತುದಿಯಲ್ಲಿ. 'ನಾಳೆ ಎಲ್ಲ ಶಾಲೆಗಳಿಗೆ ರಜೆ ಘೋಷಿಸಲಾಗಿದೆ ಎಂಬ ಸಂದೇಶ' ಎಂಬಲ್ಲಿಗೆ ಒಂದು ಸಾಲು ಮುಗಿದು, 'ಸತ್ಯಕ್ಕೆ ದೂರ' ಎಂಬುದು ಮುಂದಿನ ಸಾಲಿಗೆ ಹೋಗಿದ್ದರೆ, ಒಂದೇ ಒಂದು ಸಾಲು ಕತ್ತರಿಸಿ ಸ್ಪಷ್ಟೀಕರಣವನ್ನೇ ವದಂತಿ ಮಾಡಬಹುದು. ಪೂರ್ಣವಿರಾಮವಿಲ್ಲದೆ ನಿಂತ ಸಾಲು, ಮೇಲ್ಗಡೆ 'ಆದರೆ', 'ಮೇಲ್ಕಂಡ' ಎಂದು ಶುರುವಾಗುವ ಸಾಲು, ಎರಡೂ ಕತ್ತರಿಯ ಗುರುತುಗಳೇ.

ದಿನಾಂಕ ಕತ್ತರಿಸಿದ ಹಳೆ ಸುದ್ದಿ ಪತ್ತೆ ಮಾಡಲು ನಮ್ಮ ಭಾಗದವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು, ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವದಲ್ಲಿ ತೇರು ಉರುಳಿ ಜನ ಗಾಯಗೊಂಡಿದ್ದರು. ಆ ಸುದ್ದಿಯ ಸ್ಕ್ರೀನ್‌ಶಾಟನ್ನು ಯಾರಾದರೂ ಈ ವರ್ಷದ್ದೆಂದು ಹಂಚಿದರೆ, 'ಬಳ್ಳಾರಿ ಜಿಲ್ಲೆ, ಕೂಡ್ಲಿಗಿ ತಾಲ್ಲೂಕಿನ ಕೊಟ್ಟೂರು' ಎಂಬ ಪದಗಳು ಉಳಿದಿದ್ದರೆ ಸಾಕು, ಅದು ಹಳೆಯದೆಂದು ಬಯಲಾಗುತ್ತದೆ. ಇದರ ಮಿತಿಯೂ ಗೊತ್ತಿರಲಿ. ಅಭ್ಯಾಸಬಲದಿಂದ ಇವತ್ತಿಗೂ 'ಬಳ್ಳಾರಿ ಜಿಲ್ಲೆ' ಎಂದು ಬರೆಯುವ ವರದಿಗಾರರಿದ್ದಾರೆ. 'ವಿಜಯನಗರ ಜಿಲ್ಲೆ' ಎಂದಿದ್ದರೆ 2021ಕ್ಕಿಂತ ಹಿಂದಿನದಲ್ಲ ಎಂಬುದು ಗಟ್ಟಿ. 'ಬಳ್ಳಾರಿ ಜಿಲ್ಲೆ' ಎಂಬುದು ಬರೀ ಸುಳಿವು.

ಕತ್ತರಿಸಿದ ಭಾಗವನ್ನು ಚಿತ್ರದಿಂದಲೇ ಮರಳಿ ಪಡೆಯಬಹುದೇ ಎಂದು ಹಲವರು ಕೇಳುತ್ತಾರೆ. ಸಾಮಾನ್ಯವಾಗಿ ಆಗದು. ಒಮ್ಮೆ ಆಗಿತ್ತು, ಅದೂ ಒಂದು ದೋಷದಿಂದ. ಗೂಗಲ್ ಪಿಕ್ಸೆಲ್ ಫೋನಿನ ಚಿತ್ರ ಕತ್ತರಿಸುವ ತಂತ್ರಾಂಶವು ಸಣ್ಣದಾದ ಹೊಸ ಚಿತ್ರವನ್ನು ಹಳೆ ಕಡತದ ಮೇಲೆಯೇ ಬರೆಯುತ್ತಿತ್ತು, ಆದರೆ ಕಡತದ ಉಳಿದ ಬಾಲವನ್ನು ಕತ್ತರಿಸುತ್ತಿರಲಿಲ್ಲ. ಬಾಲದಲ್ಲಿ ಮೂಲ ಚಿತ್ರದ ಒಂದು ಪಾಲು ಹಾಗೇ ಕುಳಿತಿರುತ್ತಿತ್ತು. 2023ರ ಮಾರ್ಚ್‌ನಲ್ಲಿ ಸೈಮನ್ ಆರನ್ಸ್ ಮತ್ತು ಡೇವಿಡ್ ಬುಕಾನನ್ ಇದನ್ನು ಬಹಿರಂಗ ಮಾಡಿದರು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಿನಲ್ಲೂ ಇದೇ ಬಗೆಯ ತಪ್ಪು ಸಿಕ್ಕಿತು. ಎರಡನ್ನೂ ಆಮೇಲೆ ಸರಿಪಡಿಸಲಾಯಿತು. ವಾಟ್ಸ್ಆ್ಯಪ್ ಮಾಮೂಲು ಫೋಟೋವಾಗಿ ಕಳಿಸುವಾಗ ಚಿತ್ರವನ್ನು ಹೊಸದಾಗಿ ಕುಗ್ಗಿಸಿ ಬರೆಯುವುದರಿಂದ ಅಂಥ ಬಾಲ ಇದ್ದರೂ ಅಲ್ಲಿಗೆ ಮುಗಿಯಿತು.

ಹಾಗಾಗಿ ನಮ್ಮ ಕೈಗೆ ಬಂದ ತುಂಡು ಕತ್ತರಿಸಿದ್ದು ಎಂದಷ್ಟೇ ಸಾಬೀತು ಮಾಡಬಲ್ಲದು. ಕತ್ತರಿಸಿದವರ ಉದ್ದೇಶವನ್ನಾಗಲಿ, ಬಿಟ್ಟುಹೋದ ಸಾಲನ್ನಾಗಲಿ ಅದು ಹೇಳದು. ಅದಕ್ಕೆ ಮೂಲವೇ ಬೇಕು. ತುಂಡಿನಲ್ಲಿರುವ ಒಂದು ಪೂರ್ತಿ ಸಾಲನ್ನು, ಮಾಮೂಲು ಪದಗಳಿರುವುದನ್ನಲ್ಲ, ಹೊರಹರಿವಿನ ಅಂಕಿಯಂಥ ವಿಶೇಷ ವಿವರ ಇರುವುದನ್ನು, ಹಾಗೆಯೇ ಟೈಪ್ ಮಾಡಿ ಹುಡುಕಿದರೆ ಮೂಲ ಪ್ರಕಟಣೆ ಅಥವಾ ಪತ್ರಿಕೆಯ ವರದಿ ಎಷ್ಟೋ ಸಲ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಕಳಿಸಿದವರನ್ನೇ ಕೇಳಿ: 'ಪೂರ್ತಿ ಪುಟ ಇದ್ದರೆ ಹಾಕ್ರಿ, ಇಲ್ಲಾ ಲಿಂಕ್ ಕೊಡ್ರಿ.' ಮಳೆಗಾಲದಲ್ಲಿ ನೀರಿನ ಎಚ್ಚರಿಕೆಯಾಗಿದ್ದರೆ ಅದಕ್ಕೂ ಕಾಯಬೇಡಿ, ನೇರವಾಗಿ ತಾಲ್ಲೂಕು ಕಚೇರಿಗೆ ಫೋನ್ ಮಾಡಿ, ನೀರು ಬಿಟ್ಟಿರುವುದು ಯಾವ ಅಣೆಕಟ್ಟೆಯಿಂದ ಎಂದು ಮೊದಲು ಕೇಳಿ.