ಚುಕ್ಕಿ ಆಮೇಲೆ, ಗೆರೆ ಮೊದಲು

ಅರಬ್ಬಿ ವರ್ಣಮಾಲೆಯಲ್ಲಿ 28 ಅಕ್ಷರಗಳಿವೆ. ಆದರೆ ಅವುಗಳ ಮೂಲ ಆಕಾರಗಳು ಅದಕ್ಕಿಂತ ಬಹಳ ಕಡಿಮೆ. ಆಳವಿಲ್ಲದ ತಟ್ಟೆಯಂತಹ ಒಂದು ಗೆರೆ ಎಳೆದು ಅದರ ಕೆಳಗೆ ಒಂದು ಚುಕ್ಕಿ ಇಟ್ಟರೆ ‘ಬಾ’, ಮೇಲೆ ಎರಡು ಇಟ್ಟರೆ ‘ತಾ’, ಮೇಲೆ ಮೂರು ಇಟ್ಟರೆ ‘ಥಾ’. ‘ಜೀಮ್’ ಮತ್ತು ಅದರ ಜೊತೆಯ ಎರಡು ಅಕ್ಷರಗಳು ಒಂದೇ ಮೈಯವು. ದಾಲ್ ಮತ್ತು ದ್ಸಾಲ್, ರಾ ಮತ್ತು ಝಾ, ಸೀನ್ ಮತ್ತು ಶೀನ್ ಕೂಡ ಹಾಗೆಯೇ. ಆರಂಭಕಾಲದ ಕುರಾನ್ ಹಸ್ತಪ್ರತಿಗಳಲ್ಲಿ ಈ ಚುಕ್ಕಿಗಳು ಬಹಳ ವಿರಳ. ಓದು ಬಲ್ಲವರು ಸಂದರ್ಭದಿಂದಲೇ ಅಕ್ಷರ ಗುರುತಿಸುತ್ತಿದ್ದರು. ನಾಲ್ಕೈದು ವರ್ಷದ ಮಗುವಿಗೆ ಆ ಅನುಕೂಲವಿಲ್ಲ. ಅದು ಮೊದಲು ಕಲಿಯಬೇಕಾದದ್ದು ಗೆರೆ ಬೇರೆ, ಚುಕ್ಕಿ ಬೇರೆ ಎಂಬುದನ್ನು. ಕನ್ನಡ ಶಾಲೆಗೆ ಹೋಗುವ ಮಗುವಿಗೆ ಇದರ ಸುಳಿವು ಆಗಲೇ ಸಿಕ್ಕಿರುತ್ತದೆ: ‘ದ’ದ ಹೊಟ್ಟೆ ಸೀಳಿದರೆ ‘ಧ’, ‘ಪ’ದ ಹೊಟ್ಟೆ ಸೀಳಿದರೆ ‘ಫ’.

ಹಾಗಾಗಿ ಮನೆಯಲ್ಲಿ ಕಲಿಸುವಾಗ ಅಲಿಫ್‌ನಿಂದ ಯಾವರೆಗೆ ದಿನಕ್ಕೊಂದು ಅಕ್ಷರವೆಂದು ಸಾಗುವುದಕ್ಕಿಂತ ಒಂದು ಕುಟುಂಬವನ್ನೇ ಹಿಡಿದು ವಾರವಿಡೀ ಆಡಿಸುವುದು ಮೇಲು. ಬಾ ಕುಟುಂಬಕ್ಕೆ ಬೇಕಾಗುವ ಸಾಮಾನು ಇಷ್ಟೇ: ಅಂಚಿರುವ ಒಂದು ದೊಡ್ಡ ತಟ್ಟೆ, ಅದರ ತಳ ಮುಚ್ಚುವಷ್ಟು ರವೆ, ಮೂರು ರಟ್ಟಿನ ಚೀಟಿ, ಆರು ಅಲಸಂದೆ ಕಾಳು.

ಮೊದಲು ತಟ್ಟೆ. ಮಗುವಿನ ತೋರುಬೆರಳನ್ನು ರವೆಯ ಬಲತುದಿಯಲ್ಲಿ ಇಟ್ಟು, ಸ್ವಲ್ಪ ಕೆಳಕ್ಕೆ ಇಳಿಸಿ, ಎಡಕ್ಕೆ ಉದ್ದ ಎಳೆದು, ಕೊನೆಗೆ ಸ್ವಲ್ಪ ಮೇಲೆತ್ತಬೇಕು. ಬೆರಳು ನಡುವೆ ಏಳಬಾರದು. ಗೆರೆ ಮುಗಿದ ಮೇಲೆಯೇ ಚುಕ್ಕಿ. ಕನ್ನಡ ಬರೆದು ಅಭ್ಯಾಸವಾದ ಕೈ ಸಹಜವಾಗಿ ಎಡದಿಂದ ಹೊರಡುತ್ತದೆ. ಬಾ ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ, ಕಾಗದದ ಮೇಲೆ ಮುಗಿದ ಅಕ್ಷರವನ್ನು ನೋಡಿದರೆ ಈ ತಪ್ಪು ಗೊತ್ತೇ ಆಗುವುದಿಲ್ಲ. ತಿಂಗಳ ನಂತರ ಅಕ್ಷರ ಕೂಡಿಸುವ ಹಂತ ಬಂದಾಗ ಕೈ ತಪ್ಪು ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ರವೆ ಇದನ್ನು ಮುಚ್ಚಿಡುವುದಿಲ್ಲ. ಬೆರಳು ರವೆಯನ್ನು ತಳ್ಳಿಕೊಂಡು ಹೋಗುವುದರಿಂದ ಗೆರೆ ಮುಗಿದ ಕಡೆ ಪುಟ್ಟ ಗುಡ್ಡೆ ನಿಲ್ಲುತ್ತದೆ. ಗುಡ್ಡೆ ಎಡಕ್ಕಿದ್ದರೆ ಸರಿ, ಬಲಕ್ಕಿದ್ದರೆ ಕೈ ತಿರುಗಾ ಹೋಗಿದೆ ಎಂದರ್ಥ. ತಾಯಿ ಒಲೆಯ ಮುಂದೆ ಇದ್ದು ಎರಡು ನಿಮಿಷ ತಡವಾಗಿ ಬಂದು ನೋಡಿದರೂ ತಿಳಿಯುತ್ತದೆ. ಜೀಮ್ ಕುಟುಂಬಕ್ಕೆ ಬಂದಾಗ ಮಾತ್ರ ಎಚ್ಚರ ಬೇಕು: ಅದರ ತಲೆಯ ಮೇಲಿನ ಚಿಕ್ಕ ಗೆರೆ ಎಡದಿಂದ ಬಲಕ್ಕೆ ಹೋಗಿ, ಅಲ್ಲಿಂದ ಹೊಟ್ಟೆ ಎಡಕ್ಕೆ ತಿರುಗಿ ಕೆಳಗಿಳಿಯುತ್ತದೆ. ಎಲ್ಲವೂ ಬಲದಿಂದಲೇ ಶುರು ಎಂದು ಕಟ್ಟುನಿಟ್ಟಾಗಿ ಹೇಳಿಕೊಟ್ಟ ಮಗು ಇಲ್ಲಿ ತಬ್ಬಿಬ್ಬಾಗುತ್ತದೆ.

ರವೆಯಿಂದ ಕಾಗದಕ್ಕೆ ಬರುವಾಗ ಅಂಗಡಿಯಲ್ಲಿ ಸಿಗುವ ತಿದ್ದುವ ಪುಸ್ತಕಗಳು ಒಂದು ತೊಡಕು ತರುತ್ತವೆ. ಅವುಗಳಲ್ಲಿ ಅಕ್ಷರದ ಗೆರೆಯನ್ನೇ ಸಣ್ಣ ಸಣ್ಣ ಚುಕ್ಕಿಗಳಿಂದ ಅಚ್ಚು ಹಾಕಿರುತ್ತಾರೆ. ಕನ್ನಡಕ್ಕೆ ಅದು ನಡೆದೀತು. ಅರಬ್ಬಿಯಲ್ಲಿ ಚುಕ್ಕಿಯೇ ಅಕ್ಷರದ ಅಂಗವಾದ್ದರಿಂದ ಯಾವ ಚುಕ್ಕಿಯ ಮೇಲೆ ಪೆನ್ಸಿಲ್ ಓಡಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬುದು ಮಗುವಿಗೆ ತಿಳಿಯುವುದಿಲ್ಲ. ತಿಳಿ ಹಳದಿ ಬಣ್ಣದಲ್ಲಿ ಅಂಗೈ ಅಗಲದ ದಪ್ಪ ಅಕ್ಷರವನ್ನು ಮನೆಯಲ್ಲೇ ಬರೆದು, ಹೊರಡುವ ಜಾಗಕ್ಕೆ ಒಂದು ಬಾಣದ ಗುರುತು ಹಾಕಿಕೊಟ್ಟರೆ ಆ ಗೊಂದಲ ಇರುವುದಿಲ್ಲ.

ಇನ್ನು ಕಾಳಿನ ಆಟ. ಮೂರು ಚೀಟಿಗಳಲ್ಲೂ ಚುಕ್ಕಿಯಿಲ್ಲದ ತಟ್ಟೆಗೆರೆ ಮಾತ್ರ ಇರುತ್ತದೆ. ದೊಡ್ಡವರು ‘ತಾ’ ಎಂದರೆ ಮಗು ಎರಡು ಕಾಳನ್ನು ಮೇಲಿಡಬೇಕು, ‘ಬಾ’ ಎಂದರೆ ಒಂದನ್ನು ಕೆಳಗಿಡಬೇಕು. ಮೂರೂ ಸರಿಯಾದರೆ ಆರು ಕಾಳೂ ಖರ್ಚಾಗುತ್ತವೆ. ಒಂದು ಉಳಿದರೆ ಎಲ್ಲೋ ತಪ್ಪಿದೆ ಎಂದು ಮಗುವೇ ಕಂಡುಕೊಳ್ಳುತ್ತದೆ. ಆಮೇಲೆ ಪಾತ್ರ ಅದಲುಬದಲು: ಮಗು ಕಾಳಿಡುವುದು, ದೊಡ್ಡವರು ಹೆಸರು ಹೇಳುವುದು, ಆಗೀಗ ಬೇಕೆಂದೇ ತಪ್ಪಾಗಿ ಹೇಳುವುದು. ಅಜ್ಜಿಯ ತಪ್ಪು ಹಿಡಿಯುವುದರಲ್ಲಿ ಇರುವ ಖುಷಿ ತಾನು ಸರಿ ಹೇಳುವುದರಲ್ಲಿ ಇರುವುದಿಲ್ಲ.

ಹಾಡಿನ ಕೆಲಸ ಬೇರೆ. ರಾಗ ಹಾಕಿ ಹಾಡಿದರೆ ಹೆಸರುಗಳ ಸಾಲು ಬಾಯಿಗೆ ಬೇಗ ಬರುತ್ತದೆ, ಅಷ್ಟೇ. ಇಪ್ಪತ್ತೆಂಟನ್ನೂ ಒಂದೇ ಉಸಿರಿನಲ್ಲಿ ಹಾಡುವ ಮಗುವಿಗೆ ಶೀನ್ ಒಂದನ್ನೇ ತೋರಿಸಿ ಕೇಳಿದರೆ, ಅದು ಅಲಿಫ್‌ನಿಂದ ಗುನುಗಿಕೊಂಡು ಬಂದು ಉತ್ತರ ಹುಡುಕುತ್ತದೆ. ಹಾಗಾದರೆ ಅಕ್ಷರ ಇನ್ನೂ ಕಣ್ಣಿಗೆ ಬಂದಿಲ್ಲ. ಹಾಡನ್ನು ಕುಟುಂಬ ಕುಟುಂಬವಾಗಿ ತುಂಡು ಮಾಡಿ, ಕೈಸನ್ನೆ ಸೇರಿಸಿದರೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ: ಬಾಗೆ ಗಲ್ಲದ ಕೆಳಗೆ ಒಂದು ಬೆರಳು, ತಾಗೆ ತಲೆಯ ಮೇಲೆ ಎರಡು, ಥಾಗೆ ಮೂರು. ಕರ್ನಾಟಕದ ಉರ್ದು ಮಾತಿನ ಮನೆಗಳಲ್ಲಿ ಇದೇ ಅಕ್ಷರಗಳಿಗೆ ಬೇ, ತೇ, ಸೇ ಎಂಬ ಹೆಸರುಗಳಿವೆ. ಅರಬ್ಬಿಯಲ್ಲಿಲ್ಲದ ಪೇ, ಚೇ ಮೊದಲಾದವೂ ನಡುವೆ ಬರುತ್ತವೆ. ಎರಡೂ ಹಾಡನ್ನು ಒಟ್ಟಿಗೆ ಕಲಿಸದೆ, ಕುರಾನ್ ಓದಿಗೆ ಅರಬ್ಬಿ ಹೆಸರುಗಳ ಹಾಡನ್ನೇ ಮೊದಲು ಗಟ್ಟಿ ಮಾಡಿಸುವುದು ಸುಲಭ.

ಉಚ್ಚಾರಕ್ಕೆ ಹಾಡು ಸಾಲದು. ಥಾದಲ್ಲಿ ನಾಲಗೆಯ ತುದಿ ಹಲ್ಲುಗಳ ನಡುವೆ ಬರಬೇಕು. ಕಾಫ್ ಕನ್ನಡದ ಕ, ಖಾಫ್ ಹುಟ್ಟುವುದು ಕಿರುನಾಲಗೆಯ ಹತ್ತಿರ. ‘ಕಲ್ಬ್’ ಎಂದರೆ ನಾಯಿ, ‘ಖಲ್ಬ್’ ಎಂದರೆ ಹೃದಯ. ಹೇಳಿಸುವ ಮೊದಲು ಕೇಳಿಸಬೇಕು: ಎರಡು ಚಿತ್ರ ಮುಂದಿಟ್ಟು, ಹೇಳಿದ್ದಕ್ಕೆ ಮಗು ಬೆರಳು ಮಾಡಲಿ. ಮನೆಯವರ ನಾಲಗೆಯಲ್ಲೇ ಆ ವ್ಯತ್ಯಾಸ ಇಲ್ಲದಿದ್ದರೆ ಬಲ್ಲ ಖಾರಿಯೊಬ್ಬರ ಧ್ವನಿಮುದ್ರಿಕೆ ಬೇಕೇ ಬೇಕು.

ಬಿಡಿ ಅಕ್ಷರ ಬಂದ ಮೇಲಿನ ಹೆಜ್ಜೆ ಕೂಡಿಸುವುದು. ಪದದೊಳಗೆ ಬಾ, ತಾ, ಥಾ ತಮ್ಮ ಉದ್ದ ತಟ್ಟೆಯನ್ನು ಕಳೆದುಕೊಂಡು ಒಂದು ಪುಟ್ಟ ಹಲ್ಲಾಗುತ್ತವೆ. ನೂನ್ ಮತ್ತು ಯಾ ಕೂಡ ಅದೇ ಹಲ್ಲು: ನೂನ್‌ಗೆ ಮೇಲೆ ಒಂದು ಚುಕ್ಕಿ, ಯಾಗೆ ಕೆಳಗೆ ಎರಡು. ಹಳೆಯ ಕಾಳಿನ ಆಟವೇ ಈಗ ಐದು ಅಕ್ಷರಕ್ಕೆ ನಡೆಯುತ್ತದೆ. ‘ಬಿಂತ್’, ಅಂದರೆ ಹುಡುಗಿ, ಎಂಬ ಪದವನ್ನು ತೆಗೆದುಕೊಳ್ಳಬಹುದು. ಬಲದಿಂದ ಎರಡು ಹಲ್ಲು, ಕೊನೆಗೆ ತಾದ ತಟ್ಟೆ, ಕೈ ಎತ್ತದೆ ಒಂದೇ ಗೆರೆ. ನಂತರ ಮೊದಲ ಹಲ್ಲಿನ ಕೆಳಗೆ ಒಂದು ಕಾಳು, ಎರಡನೆಯದರ ಮೇಲೆ ಒಂದು, ತಟ್ಟೆಯ ಮೇಲೆ ಎರಡು.

ಎಲ್ಲ ಅಕ್ಷರಗಳೂ ಮುಂದಿನದಕ್ಕೆ ಹೀಗೆ ಅಂಟುವುದಿಲ್ಲ. ಅಲಿಫ್, ದಾಲ್, ದ್ಸಾಲ್, ರಾ, ಝಾ, ವಾವ್ ಈ ಆರು ಹಿಂದಿನ ಅಕ್ಷರದ ಕೈ ಹಿಡಿಯುತ್ತವೆ, ಎಡಗೈಯನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಅಣ್ಣತಂಗಿಯರು, ನೆರೆಮನೆಯ ಮಕ್ಕಳು ಸೇರಿದರೆ ಇದನ್ನು ನಿಂತು ಆಡಬಹುದು. ‘ಬಾಬ್’, ಅಂದರೆ ಬಾಗಿಲು, ಎಂಬ ಪದಕ್ಕೆ ಮೂವರು ಸಾಕು. ಮೊದಲ ಬಾ ತನ್ನ ಎಡಗೈಯನ್ನು ಅಲಿಫ್‌ಗೆ ಕೊಡುತ್ತದೆ, ಅಲಿಫ್ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತದೆ, ಕೊನೆಯ ಬಾ ಒಂಟಿಯಾಗಿ ನಿಲ್ಲುತ್ತದೆ. ಮಕ್ಕಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ನೋಡುವವರ ಕಡೆ ತಿರುಗಿದರೆ ಅವರ ಬಲ ನಮಗೆ ಎಡವಾಗಿ, ಪದ ಹಿಂದುಮುಂದಾಗುತ್ತದೆ.

ಮದರಸಾಗಳಲ್ಲಿ ಬಳಸುವ ನೂರಾನಿ ಕಾಯಿದಾದಲ್ಲಿ ಮೊದಲ ಪಾಠ ಬಿಡಿ ಅಕ್ಷರಗಳದ್ದು, ಎರಡನೆಯದು ಕೂಡಿಸಿ ಬರೆದವುಗಳದ್ದು. ಸ್ವರಚಿಹ್ನೆಗಳು ಬರುವುದು ಅದಾದ ಮೇಲೆ. ಮನೆಯ ಆಟವೂ ಅದೇ ಸಾಲಿನಲ್ಲಿ ಹೋದರೆ ಸಾಕು. ಮೇಲಿನ ಕಾಳು ಯಾವುದು, ಕೆಳಗಿನದು ಯಾವುದು ಎಂದು ಇನ್ನೂ ತಡವರಿಸುವ ಮಗುವಿಗೆ ಅಕ್ಷರದ ಮೇಲೂ ಕೆಳಗೂ ಬರುವ ಸ್ವರಗೆರೆಗಳನ್ನು ತೋರಿಸಿದರೆ, ಅವನ್ನೂ ಚುಕ್ಕಿಯ ಲೆಕ್ಕಕ್ಕೇ ಸೇರಿಸಿಬಿಡುತ್ತದೆ.