ಟ್ರಾನ್ಸ್‌ಫಾರ್ಮರ್ ಉಸಿರಾಟಕ್ಕೆ ಎರಡು ಕಾವಲು

ಜುಲೈ ತಿಂಗಳ ಮಧ್ಯಾಹ್ನ. ಉಡುಪಿಯಂಥ ಕರಾವಳಿ ಊರಿನ ಸಬ್‌ಸ್ಟೇಷನ್‌ನಲ್ಲಿ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಬೆಳಗಿನಿಂದ ಲೋಡ್ ಹೊತ್ತು ಬಿಸಿಯಾಗಿ ನಿಂತಿದೆ ಎಂದುಕೊಳ್ಳಿ. ಇದ್ದಕ್ಕಿದ್ದಂತೆ ಮಳೆ ಸುರಿಯುತ್ತದೆ. ಬಿಸಿ ಟ್ಯಾಂಕಿನ ಮೇಲೆ ತಣ್ಣೀರು ಬಿದ್ದು ಒಳಗಿನ ಎಣ್ಣೆ ಬೇಗನೆ ತಣ್ಣಗಾಗಿ ಕುಗ್ಗುತ್ತದೆ. ಖಾಲಿಯಾದ ಜಾಗವನ್ನು ತುಂಬಲು ಹೊರಗಿನ ಗಾಳಿ ಒಳಕ್ಕೆ ನುಗ್ಗಬೇಕು. ಅದೂ ವರ್ಷದಲ್ಲೇ ಅತಿ ಹೆಚ್ಚು ತೇವ ತುಂಬಿಕೊಂಡ ಗಾಳಿ!

ಟ್ರಾನ್ಸ್‌ಫಾರ್ಮರ್ ಉಸಿರಾಡುತ್ತದೆ ಎಂದು ಲೈನ್‌ಮನ್‌ಗಳು, ಎಂಜಿನಿಯರ್‌ಗಳು ಹೇಳುವುದು ಇದನ್ನೇ. ಎಣ್ಣೆಯ ಗಾತ್ರ ಪ್ರತಿ ಡಿಗ್ರಿ ಬಿಸಿಗೆ ಹತ್ತು ಸಾವಿರಕ್ಕೆ ಏಳೆಂಟು ಭಾಗದಷ್ಟು ಹಿಗ್ಗುತ್ತದೆ. ಕೇಳಲು ಅಲ್ಪ. ಆದರೆ 20,000 ಲೀಟರ್ ಎಣ್ಣೆ ಇರುವ ಟ್ರಾನ್ಸ್‌ಫಾರ್ಮರ್ ಹಗಲು ರಾತ್ರಿಗಳ ನಡುವೆ ಸರಾಸರಿ 25 ಡಿಗ್ರಿ ಬಿಸಿಯೇರಿ ಇಳಿದರೆ ಎಣ್ಣೆಯ ಗಾತ್ರ ಸುಮಾರು 375 ಲೀಟರ್ ಹಿಗ್ಗಿ ಕುಗ್ಗುತ್ತದೆ. ಹಿಗ್ಗಿದ ಎಣ್ಣೆಗೆ ಜಾಗ ಕೊಡಲೆಂದೇ ಮುಖ್ಯ ಟ್ಯಾಂಕಿನ ಮೇಲೆ ಅಡ್ಡ ಮಲಗಿಸಿದ ಪೀಪಾಯಿಯಂಥ ಕನ್ಸರ್ವೇಟರ್ ಇರುತ್ತದೆ. ಅದರಲ್ಲಿ ಕೆಳಗೆ ಎಣ್ಣೆ, ಮೇಲೆ ಗಾಳಿ. ಆ ಗಾಳಿ ಹೊರಜಗತ್ತಿಗೆ ತೆರೆದುಕೊಳ್ಳುವ ಏಕೈಕ ದಾರಿ ಒಂದು ಪೈಪು. ಪೈಪಿನ ಕೆಳತುದಿಯಲ್ಲಿ ತೂಗುವ ಗಾಜಿನ ಡಬ್ಬಿಯೇ ಬ್ರೀದರ್.

ಆ ದಾರಿಯಲ್ಲಿ ಬರುವ ನೀರು ಎಷ್ಟು? 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ 90ರಷ್ಟು ತೇವಾಂಶವಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. 375 ಲೀಟರ್ ಗಾಳಿಯಲ್ಲಿ ಅದು ಎಂಟೂವರೆ ಗ್ರಾಂ, ಅಂದರೆ ಎರಡು ಚಮಚಕ್ಕಿಂತ ಕಡಿಮೆ. ನಾಲ್ಕು ತಿಂಗಳ ಮಳೆಗಾಲದಲ್ಲಿ ಇದೇ ಲೆಕ್ಕ ಒಂದು ಕಿಲೋ ನೀರಿಗೆ ಮುಟ್ಟುತ್ತದೆ. ಅದಷ್ಟೂ ಎಣ್ಣೆ ಸೇರುವುದಿಲ್ಲ, ಒಂದಷ್ಟು ಹೊರಹೋಗುವ ಗಾಳಿಯೊಡನೆ ಮರಳುತ್ತದೆ. ಆದರೂ ಸುಮಾರು ಹದಿನೇಳೂವರೆ ಟನ್ ತೂಗುವ ಆ ಎಣ್ಣೆಯಲ್ಲಿ ಹತ್ತು ಲಕ್ಷಕ್ಕೆ ಇಪ್ಪತ್ತು ಮೂವತ್ತು ಭಾಗ ನೀರು ಸೇರಿದರೂ ತೊಂದರೆ ಶುರುವಾಗುತ್ತದೆ. ಎಣ್ಣೆಯ ಗುಣವನ್ನು ಪರೀಕ್ಷಿಸುವಾಗ ಎರಡೂವರೆ ಮಿಲಿಮೀಟರ್ ಅಂತರದ ಎರಡು ಲೋಹದ ತುದಿಗಳ ನಡುವೆ ವೋಲ್ಟೇಜ್ ಏರಿಸುತ್ತ ಹೋಗುತ್ತಾರೆ. ಚೆನ್ನಾಗಿ ಒಣಗಿಸಿದ ಎಣ್ಣೆ 60 ಕಿಲೋವೋಲ್ಟ್ ದಾಟಿದರೂ ಕಿಡಿ ಹಾರಲು ಬಿಡುವುದಿಲ್ಲ. ತೇವ ಮತ್ತು ನಾರಿನ ಚೂರುಗಳು ಸೇರಿದ ಎಣ್ಣೆ ಅದರ ಅರ್ಧಕ್ಕೇ ಸೋಲಬಹುದು.

ಅದಕ್ಕಿಂತ ದೊಡ್ಡ ಚಿಂತೆ ಕಾಗದದ್ದು. ಟ್ರಾನ್ಸ್‌ಫಾರ್ಮರಿನ ತಾಮ್ರದ ಸುರುಳಿಗಳಿಗೆ ಸುತ್ತಿರುವುದು ಕಾಗದ. ಅದು ಎಣ್ಣೆಗಿಂತ ನೀರನ್ನು ಬಹಳ ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಒಂದು ಟನ್ ಕಾಗದದಲ್ಲಿ ಶೇ 2ರಷ್ಟು ತೇವ ಇದ್ದರೆ ಅದು 20 ಕಿಲೋ ನೀರು. ಅದೇ ಹೊತ್ತಿಗೆ ಎಣ್ಣೆಯಲ್ಲಿರುವುದು ಕೆಲವು ನೂರು ಗ್ರಾಂ ಮಾತ್ರ. ಹಾಗಾಗಿ ಫಿಲ್ಟರ್ ಯಂತ್ರ ತಂದು ಎಣ್ಣೆಯನ್ನು ಒಣಗಿಸಿದರೂ ಕೆಲವೇ ವಾರಗಳಲ್ಲಿ ಕಾಗದ ತನ್ನಲ್ಲಿರುವ ನೀರನ್ನು ಮತ್ತೆ ಎಣ್ಣೆಗೆ ಬಿಡುತ್ತದೆ. ತೇವ ಹೆಚ್ಚಿದಷ್ಟೂ ಕಾಗದ ಬೇಗ ಪುಡಿಯಾಗುತ್ತದೆ. ಅದನ್ನು ಹೊಸದಾಗಿ ಮಾಡುವ ದಾರಿ ಇಲ್ಲ. ನೀರು ಒಳಬಂದ ಮೇಲೆ ಹೊರಹಾಕುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಎಷ್ಟೋ ಸುಲಭ.

ಬಾಗಿಲಲ್ಲಿ ತಡೆಯುವ ಮೊದಲ ಕೆಲಸ ಸಿಲಿಕಾ ಜೆಲ್‌ನದು. ಹೊಸ ಚಪ್ಪಲಿ ಡಬ್ಬಿಯಲ್ಲಿ, ಔಷಧಿ ಬಾಟಲಿಯಲ್ಲಿ ಸಿಗುವ ಪುಟ್ಟ ಪೊಟ್ಟಣದೊಳಗಿನ ಹರಳುಗಳೇ ಇವು. ಹರಳಿನೊಳಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ರಂಧ್ರಗಳಿದ್ದು, ನೀರಾವಿ ಅವುಗಳ ಗೋಡೆಗೆ ಅಂಟಿಕೊಳ್ಳುತ್ತದೆ. ಬ್ರೀದರಿನ ತಳದಲ್ಲಿ ಎಣ್ಣೆ ತುಂಬಿದ ಬಟ್ಟಲೊಂದಿದೆ. ಒಳಬರುವ ಗಾಳಿ ಅದರ ಮೂಲಕ ಗುಳ್ಳೆಗುಳ್ಳೆಯಾಗಿ ಹಾದು, ಧೂಳು ಬಿಟ್ಟು, ಆಮೇಲೆ ಜೆಲ್ ಸೇರುತ್ತದೆ. ಉಸಿರಾಟ ನಿಂತಿರುವ ಹೊತ್ತಿನಲ್ಲಿ ಈ ಎಣ್ಣೆಯೇ ಮುಚ್ಚಳ. ಇದು ಬತ್ತಿದರೆ ಜೆಲ್ ಹೊರಗಿನ ಗಾಳಿಯ ತೇವವನ್ನು ಹಗಲಿರುಳೂ ಹೀರುತ್ತ ಟ್ರಾನ್ಸ್‌ಫಾರ್ಮರಿಗೆ ಕೆಲಸ ಮಾಡುವ ಮೊದಲೇ ದಣಿದುಬಿಡುತ್ತದೆ. ಎರಡು ವಾರಕ್ಕೇ ಬಣ್ಣ ಬದಲಾಯಿತೆಂದು ಜೆಲ್ಲನ್ನು ದೂರುವವರು ಮೊದಲು ಬಟ್ಟಲನ್ನು ನೋಡಬೇಕು.

ಬಣ್ಣ ಓದುವುದೂ ಒಂದು ವಿದ್ಯೆ. ಹಳೆಯ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಬೆರೆತಿದ್ದು, ಒಣಗಿದಾಗ ನೀಲಿ, ತೇವ ಕುಡಿದಾಗ ಗುಲಾಬಿ. ಕೋಬಾಲ್ಟ್ ಕ್ಲೋರೈಡ್ ಕ್ಯಾನ್ಸರ್‌ಕಾರಕವೆಂದು ಯುರೋಪಿನಲ್ಲಿ ಗುರುತಿಸಲಾಗಿರುವುದರಿಂದ, ಈಗ ಕಿತ್ತಳೆಯಿಂದ ಹಸಿರಿಗೆ ಅಥವಾ ಬಣ್ಣವಿಲ್ಲದ ಸ್ಥಿತಿಗೆ ತಿರುಗುವ ಜೆಲ್ ಹೆಚ್ಚು ಬಳಕೆಗೆ ಬಂದಿದೆ. ಗಾಳಿ ಕೆಳಗಿನಿಂದ ಬರುವುದರಿಂದ ಬಣ್ಣವೂ ಕೆಳಗಿನಿಂದ ಮೇಲಕ್ಕೆ ಬದಲಾಗಬೇಕು. ಮೇಲ್ಭಾಗವೇ ಮೊದಲು ಗುಲಾಬಿಯಾದರೆ ಗಾಳಿ ಕಳ್ಳದಾರಿಯಲ್ಲಿ ಬರುತ್ತಿದೆ ಎಂದರ್ಥ: ಬ್ರೀದರಿನ ಮೇಲಿನ ಗ್ಯಾಸ್ಕೆಟ್ ಸಡಿಲವಾಗಿದೆ ಅಥವಾ ಪೈಪಿನ ಜಾಯಿಂಟ್ ಸೋರುತ್ತಿದೆ. ಹರಳುಗಳು ಕಂದು ಬಣ್ಣಕ್ಕೆ ತಿರುಗಿ ಜಿಡ್ಡಾದರೆ ಕನ್ಸರ್ವೇಟರಿನಿಂದ ಎಣ್ಣೆ ಇಳಿದುಬಂದಿದೆ. ಅಂಥ ಜೆಲ್ ಒಣಗಿಸಿದರೂ ಉಪಯೋಗವಿಲ್ಲ. ಬರೀ ತೇವ ಕುಡಿದಿದ್ದರೆ ತಟ್ಟೆಯಲ್ಲಿ ಹರಡಿ ಸುಮಾರು 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ.

ಪ್ರಾಯೋಗಿಕವಾಗಿ ಜೆಲ್ ತನ್ನ ತೂಕದ ಐದನೆಯ ಒಂದು ಭಾಗದಷ್ಟು ನೀರು ಹೀರಬಲ್ಲದು ಎಂದಿಟ್ಟುಕೊಂಡರೆ, ಮೇಲೆ ಲೆಕ್ಕ ಹಾಕಿದ ಒಂದು ಕಿಲೋ ನೀರಿಗೆ ಐದು ಕಿಲೋ ಜೆಲ್ ಬೇಕು. ಆ ಬ್ರೀದರಿಗೆ ಒಂದು ಮಳೆಗಾಲವೇ ಸಾಕು. ಜೊತೆಗೆ ಜೆಲ್‌ಗೆ ಒಂದು ಮಿತಿಯಿದೆ: ಮಳೆ ಬಿದ್ದು ಎಣ್ಣೆ ಬೇಗನೆ ಕುಗ್ಗಿ ಗಾಳಿ ರಭಸದಿಂದ ನುಗ್ಗಿದಾಗ ಹರಳಿಗೆ ಹೀರಲು ಸಮಯ ಸಾಲದು. ಆಮ್ಲಜನಕವನ್ನಂತೂ ಅದು ತಡೆಯುವುದೇ ಇಲ್ಲ. ಆಮ್ಲಜನಕದಿಂದ ಎಣ್ಣೆ ಹುಳಿಯಾಗಿ ಕೆಸರು ಕಟ್ಟುತ್ತದೆ.

ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ರಬ್ಬರ್ ಬ್ಯಾಗ್ ಬಂದದ್ದು ಈ ಕೊರತೆ ತುಂಬಲು. ಏರ್ ಸೆಲ್ ಎಂದೂ ಕರೆಯುವ ಈ ಚೀಲವನ್ನು ಬಟ್ಟೆಯ ಮೇಲೆ ನೈಟ್ರೈಲ್ ರಬ್ಬರ್ ಲೇಪಿಸಿ ಮಾಡಿ ಕನ್ಸರ್ವೇಟರಿನೊಳಗೆ ತೂಗುಬಿಡುತ್ತಾರೆ. ಚೀಲದ ಒಳಭಾಗ ಬ್ರೀದರಿಗೆ ತೆರೆದಿರುತ್ತದೆ, ಹೊರಮೈ ಎಣ್ಣೆಗೆ ತಾಗಿರುತ್ತದೆ. ಎಣ್ಣೆ ಕುಗ್ಗಿದರೆ ಚೀಲ ಗಾಳಿ ಎಳೆದುಕೊಂಡು ಉಬ್ಬುತ್ತದೆ. ಹಿಗ್ಗಿದರೆ ಗಾಳಿ ಹೊರಬಿಟ್ಟು ಸೊರಗುತ್ತದೆ. ಗಾಳಿ ಮತ್ತು ಎಣ್ಣೆ ಮುಖಾಮುಖಿ ಆಗುವುದೇ ಇಲ್ಲ. ಹಾಗೆಂದು ಬ್ರೀದರ್ ಬೇಡವೆಂದಲ್ಲ: ಒದ್ದೆ ಗಾಳಿ ಚೀಲದೊಳಗೆ ಹನಿಗಟ್ಟಿ ನಿಲ್ಲಬಾರದು, ರಬ್ಬರ್ ಮೂಲಕವೂ ನೀರಾವಿ ಸ್ವಲ್ಪ ಸ್ವಲ್ಪವಾಗಿ ನುಸುಳುತ್ತದೆ.

ಬ್ಯಾಗ್ ಕೂರಿಸುವ ದಿನ ತಪ್ಪು ಮಾಡುವುದು ಸುಲಭ. ಚೀಲಕ್ಕೆ ಮೆಲ್ಲಗೆ ಗಾಳಿ ತುಂಬಿ ಸೋರಿಕೆ ಇಲ್ಲವೆಂದು ನೋಡಿಕೊಂಡು, ಕನ್ಸರ್ವೇಟರಿನ ನೆತ್ತಿಯ ವೆಂಟುಗಳನ್ನು ತೆರೆದಿಟ್ಟು ಎಣ್ಣೆ ತುಂಬಿಸಬೇಕು. ವೆಂಟಿನಿಂದ ಗಾಳಿಯೆಲ್ಲ ಹೋಗಿ ಎಣ್ಣೆ ಬಂದಮೇಲೆ ಮುಚ್ಚಬೇಕು. ಚೀಲದ ಹೊರಗೆ ಗಾಳಿಯ ಗುಳ್ಳೆ ಉಳಿದರೆ ಎಣ್ಣೆ ಮಟ್ಟದ ಮುಳ್ಳು ಸುಳ್ಳು ಹೇಳುತ್ತದೆ, ಏಕೆಂದರೆ ಅದರ ಕೈ ಚೀಲದ ತಳಕ್ಕೆ ತಾಗಿ ಏರಿಳಿಯುತ್ತದೆ. ಸಾಗಣೆ ವೇಳೆ ಬ್ರೀದರಿಗೆ ಹಾಕಿದ ಮುಚ್ಚಳ ತೆಗೆಯಲು ಮರೆತರಂತೂ ಉಸಿರೇ ಕಟ್ಟುತ್ತದೆ. ಒತ್ತಡ ಏರಿಳಿದು ಸುರಕ್ಷಾ ಸಾಧನಗಳು ಕಾರಣವಿಲ್ಲದೆ ಟ್ರಿಪ್ ಆಗಬಹುದು.

ವರ್ಷಗಳು ಕಳೆದಂತೆ ರಬ್ಬರ್ ಬಿರುಸಾಗಿ ಚೀಲ ಸೀಳಬಹುದು. ಆಗ ಎಣ್ಣೆ ಒಳಸೇರಿ ಚೀಲ ಭಾರವಾಗಿ ಮುಳುಗುತ್ತದೆ, ಮೇಲೆ ಗಾಳಿ ತುಂಬಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಿರುವಂತೆಯೇ ತೋರುತ್ತದೆ. ಇದನ್ನು ಹಿಡಿಯಲು ಸರಳ ವಿಧಾನವೊಂದಿದೆ: ಲೈನ್ ಬಂದ್ ಮಾಡಿದ ವೇಳೆ ಚೀಲದ ಬಾಯಿ ಬಿಚ್ಚಿ ಒಣ ಕಡ್ಡಿಯೊಂದನ್ನು ಇಳಿಸಿ ನೋಡುವುದು. ಎಣ್ಣೆ ಮೆತ್ತಿಕೊಂಡು ಬಂದರೆ ಚೀಲ ಹೋಗಿದೆ. ಎಣ್ಣೆಯಲ್ಲಿ ಕರಗಿದ ಅನಿಲಗಳ ಪರೀಕ್ಷೆಯಲ್ಲಿ ಮೊದಲಿಗಿಂತ ಆಮ್ಲಜನಕ, ಸಾರಜನಕ ಏರಿದ್ದರೆ ಅದೂ ಸೂಚನೆ. ಚೀಲ ಬದಲಿಸಲು ಟ್ರಾನ್ಸ್‌ಫಾರ್ಮರ್ ನಿಲ್ಲಿಸಿ ಕನ್ಸರ್ವೇಟರಿನ ಎಣ್ಣೆ ಇಳಿಸಬೇಕು. ಆದ್ದರಿಂದ ಈ ಪರೀಕ್ಷೆಗಳನ್ನು ಏಪ್ರಿಲ್‌ನಲ್ಲೇ, ಮಳೆಗಾಲದ ಮುಂಚಿನ ನಿರ್ವಹಣೆಯ ಜೊತೆ ಮುಗಿಸಿದರೆ ಒಳ್ಳೆಯದು. ಸೋರುವ ಚೀಲ ಆಗ ಪತ್ತೆಯಾದರೆ ಜೂನ್ ಹೊತ್ತಿಗೆ ಹೊಸದನ್ನು ಕೂರಿಸಿಕೊಳ್ಳಲು ಸಮಯ ಸಿಗುತ್ತದೆ.