ಎರಡು ದಿನ ಬಿಟ್ಟು ಮತ್ತೊಮ್ಮೆ ರಕ್ತ ಪರೀಕ್ಷೆ ಏಕೆ?

ನಮ್ಮ ಅಣ್ಣನ ಮಗಳಿಗೆ ಮುಟ್ಟು ತಪ್ಪಿ ಹತ್ತು ದಿನ ಆಗಿತ್ತು. ಸ್ಟ್ರಿಪ್‌ನಲ್ಲಿ ಎರಡು ಗೆರೆ ಬಂದು ಮನೆಯೆಲ್ಲ ಖುಷಿಯಲ್ಲಿದ್ದಾಗಲೇ ಸ್ವಲ್ಪ ರಕ್ತ ಕಾಣಿಸಿಕೊಂಡಿತು. ಗಂಡ ದುಬೈಯಲ್ಲಿ. "ಮಲಗಿರಲಿ, ತನ್ನಿಂತಾನೇ ನಿಲ್ತದೆ" ಅಂದರು ಅವಳ ಅಜ್ಜಿ. ಅವಳ ಉಮ್ಮನಿಗೆ ಸಮಾಧಾನವಾಗದೆ ನಮಗೆ ಫೋನ್ ಮಾಡಿದರು. ನಾವು ಅವರಿಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರಮ್ಮ ಮೊದಲು ಧೈರ್ಯ ಹೇಳಿದರು. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ಕು ಬಸುರಿಯರಲ್ಲಿ ಒಬ್ಬರಿಗೆ ರಕ್ತ ಕಾಣಿಸಿಕೊಳ್ಳುತ್ತದಂತೆ. ಅವರಲ್ಲಿ ಅನೇಕರು ಮುಂದೆ ಆರೋಗ್ಯವಂತ ಮಗುವನ್ನೇ ಹೆರುತ್ತಾರೆ. ಆದರೆ ರಕ್ತ ಯಾಕೆ ಬಂತು ಅನ್ನೋದನ್ನು ಹೊರಗಿನಿಂದ ನೋಡಿ ಹೇಳಲಿಕ್ಕಾಗುವುದಿಲ್ಲ. ಗರ್ಭ ಚೆನ್ನಾಗಿ ಬೆಳೆಯುತ್ತಿರಬಹುದು, ಇಳಿದು ಹೋಗುತ್ತಿರಬಹುದು, ಅಥವಾ ಗರ್ಭಕೋಶದ ಬದಲು ಟ್ಯೂಬಿನಲ್ಲಿ ನಿಂತಿರಬಹುದು.

ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ಅಷ್ಟು ಬೇಗ ಕಾಣುವುದೂ ಇಲ್ಲ ಅಂದರು. ಆಮೇಲೆ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಮುಂದೆ ಮಾಸು ಆಗುವ ಜೀವಕೋಶಗಳು ಉಂಟುಮಾಡುವ ಹಾರ್ಮೋನ್ ಇದು. ಸ್ಟ್ರಿಪ್ ಅದು ಇದೆಯೋ ಇಲ್ಲವೋ ಅಂತ ಮಾತ್ರ ತೋರಿಸುತ್ತದೆ, ರಕ್ತ ಪರೀಕ್ಷೆ ಎಷ್ಟಿದೆ ಅಂತ ಹೇಳುತ್ತದೆ. ರಿಪೋರ್ಟಿನಲ್ಲಿ 620 ಬಂತು. "ಇದು ಒಳ್ಳೆಯದಾ?" ಅಂತ ಅವಳ ಉಮ್ಮ ಕೇಳಿದರು. "ಇದೊಂದರಿಂದ ಹೇಳಲಿಕ್ಕಾಗದು. ಎರಡು ದಿನ ಬಿಟ್ಟು ಇದೇ ಹೊತ್ತಿಗೆ, ಇದೇ ಲ್ಯಾಬಿಗೆ ಬನ್ನಿ" ಅಂದರು ಡಾಕ್ಟರಮ್ಮ.

ಕಾರಣ ಇಷ್ಟೇ. ಐದನೇ ವಾರದಲ್ಲಿ ಒಬ್ಬಳಿಗೆ ಇನ್ನೂರು, ಇನ್ನೊಬ್ಬಳಿಗೆ ಐದು ಸಾವಿರ ಇದ್ದರೂ ಇಬ್ಬರೂ ಸರಿಯಾಗಿಯೇ ಇರಬಹುದು. ನೋಡಬೇಕಾದ್ದು ಅದು ಏರುವ ವೇಗ. ಗರ್ಭಕೋಶದಲ್ಲಿ ಚೆನ್ನಾಗಿ ಬೇರೂರಿದ ಗರ್ಭದಲ್ಲಿ ಆ ಜೀವಕೋಶಗಳು ಬೇಗ ಬೇಗ ಹೆಚ್ಚುತ್ತವೆ, ಹಾರ್ಮೋನ್ ಕೂಡ ಅದೇ ವೇಗದಲ್ಲಿ ಏರುತ್ತದೆ. ಈ ದಿನಗಳಲ್ಲಿ ಅನೇಕರಲ್ಲಿ ಅದು ಎರಡು ದಿನಕ್ಕೆ ಸುಮಾರು ಇಮ್ಮಡಿಯಾಗುತ್ತದೆ. ಮೊದಲ ಅಂಕಿ 1500ಕ್ಕಿಂತ ಕಡಿಮೆ ಇದ್ದರೆ, 48 ಗಂಟೆಯಲ್ಲಿ ಕನಿಷ್ಠ ಅರ್ಧದಷ್ಟಾದರೂ ಏರಬೇಕು. ಅದಕ್ಕಿಂತ ಮೇಲಿದ್ದರೆ ಏರಿಕೆ ಸ್ವಲ್ಪ ನಿಧಾನವಾದರೂ ನಡೆಯುತ್ತದೆ.

ಎರಡು ದಿನ ಬಿಟ್ಟು ಬಂದ ಅಂಕಿ 790. "ಏರಿದೆಯಲ್ಲ, ಅಲ್‌ಹಮ್ದುಲಿಲ್ಲಾಹ್" ಅಂದರು ಅವಳ ಉಮ್ಮ. ನಾವೂ ಹಾಗೇ ಅಂದುಕೊಂಡೆವು. ರಕ್ತವೂ ಕಡಿಮೆಯಾಗಿತ್ತು. ಆದರೆ ಡಾಕ್ಟರಮ್ಮ ಲೆಕ್ಕ ಹಾಕಿ ತೋರಿಸಿದರು: 620 ಇದ್ದದ್ದು 920 ದಾಟಬೇಕಿತ್ತು, ಏರಿದ್ದು ಬರೀ 170. ಇಳಿದಿದ್ದರೆ ಗರ್ಭ ಇಳಿದು ಹೋಗುತ್ತಿದೆ ಅಂತ ಹೆಚ್ಚಾಗಿ ತಿಳಿಯಬಹುದಿತ್ತು. ಏರಿಯೂ ಸಾಲದೆ ಇದ್ದರೆ ಟ್ಯೂಬಿನ ಬಗ್ಗೆ ಎಚ್ಚರ ಬೇಕು, ಯಾಕೆಂದರೆ ಅಲ್ಲಿ ಗರ್ಭ ಬೇರೂರಲು ಸರಿಯಾದ ಜಾಗ ಇರುವುದಿಲ್ಲ. ಆದರೂ ಒಂದೇ ಸಲದ ಏರಿಕೆ ನೋಡಿ ಅವರು ತೀರ್ಮಾನ ಮಾಡಲಿಲ್ಲ. ಅಪರೂಪಕ್ಕೆ ಒಳ್ಳೆಯ ಗರ್ಭದಲ್ಲೂ ಏರಿಕೆ ನಿಧಾನವಾಗುವುದುಂಟು.

ಮತ್ತೆ ಎರಡು ದಿನಕ್ಕೆ 980 ಬಂತು. ಈ ಸಲ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ, ಬಲಗಡೆಯ ಟ್ಯೂಬಿನ ಹತ್ತಿರ ಸಣ್ಣ ಗಂಟಿನಂಥದ್ದು ಕಂಡಿತು. ಟ್ಯೂಬಿನಲ್ಲಿ ನಿಂತ ಗರ್ಭ ಮಗುವಾಗಿ ಬೆಳೆಯಲಾರದು. ಹಾಗೇ ಬಿಟ್ಟರೆ ಟ್ಯೂಬ್ ಒಡೆದು ಹೊಟ್ಟೆಯೊಳಗೆ ರಕ್ತ ಹರಿದು ತಾಯಿಯ ಜೀವಕ್ಕೇ ಅಪಾಯ. ಅವಳಿಗೆ ಬೇಗ ಗೊತ್ತಾದ್ದರಿಂದ ಆಪರೇಷನ್ ಬೇಕಾಗಲಿಲ್ಲ. ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಟ್ಟರು. ನಾಲ್ಕನೇ ದಿನ, ಏಳನೇ ದಿನ, ಆಮೇಲೆ ವಾರಕ್ಕೊಮ್ಮೆ ಅದೇ ಪರೀಕ್ಷೆ. ಐದು ವಾರದಲ್ಲಿ ಅಂಕಿ ಪೂರ್ತಿ ಇಳಿಯಿತು. ಇನ್ನು ಮೂರು ತಿಂಗಳು ಗರ್ಭ ಧರಿಸಬಾರದು ಅಂದಿದ್ದಾರೆ. ಹುಡುಗಿ ಬಹಳ ಅತ್ತಳು. ಆದರೆ ನಮ್ಮ ಕಣ್ಣ ಮುಂದೆ ಇದ್ದಾಳೆ.

ಮಲಗಿದರೆ ಗರ್ಭ ಉಳಿಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಂತಲೂ ಆ ದಿನ ತಿಳಿಯಿತು. ರಕ್ತ ನಿಂತಿತು ಅಂತ ಎರಡನೇ ಪರೀಕ್ಷೆ ತಪ್ಪಿಸಬಾರದು. ಅಂಕಿ ಇಮ್ಮಡಿಯಾಯಿತು ಅಂತ ಸ್ಕ್ಯಾನಿಂಗ್ ಬಿಡಲೂ ಬಾರದು, ಕೆಲವೊಮ್ಮೆ ಟ್ಯೂಬಿನ ಗರ್ಭದಲ್ಲೂ ಅಂಕಿ ಸರಿಯಾಗಿಯೇ ಏರುತ್ತದೆ. ಹೆಂಡತಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು, ಬೇರೆ ಇಂಜೆಕ್ಷನ್ ಬೇಕಾಗಬಹುದು.

ಹೊಟ್ಟೆಯ ಒಂದು ಬದಿ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆ ತಿರುಗಿ ಬೀಳುವುದು, ಗಂಟೆಗೆ ಎರಡು ಪ್ಯಾಡ್ ತೋಯುವಷ್ಟು ರಕ್ತ — ಇದರಲ್ಲಿ ಯಾವುದಾದರೂ ಒಂದು ಕಂಡರೂ ಎರಡು ದಿನ ಕಾಯುವ ಲೆಕ್ಕ ಇಲ್ಲ. ಗಂಡ ಗಲ್ಫ್‌ನಿಂದ ಫೋನ್ ಎತ್ತಲಿ, ಬಿಡಲಿ, ಮಧ್ಯರಾತ್ರಿಯಾದರೂ ಗಾಡಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.